ಏರ್‌ಲೈನ್ ಕೆಲಸ ಗ್ಯಾರಂಟಿ ಅನ್ನುವ ಇನ್‌ಸ್ಟಿಟ್ಯೂಟ್‌ಗೆ 1,65,000 ಕಟ್ಟಬಹುದಾ?

ಹಾಸನದ ಅಣ್ಣ: ನನ್ನ ತಂಗಿ ಈ ವರ್ಷ ಪಿಯುಸಿ ಕಾಮರ್ಸ್ ಮುಗಿಸಿದಳು. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಅವಳ ಕಾಲೇಜಿಗೇ ಬಂದು ಸೆಮಿನಾರ್ ಮಾಡಿದ್ದರು. ಹನ್ನೊಂದು ತಿಂಗಳ ಕೋರ್ಸ್, ಕ್ಯಾಬಿನ್ ಕ್ರೂ ಮತ್ತು ಗ್ರೌಂಡ್ ಸ್ಟಾಫ್ ಎರಡಕ್ಕೂ ಸರ್ಟಿಫಿಕೇಟ್, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತೆ. ಫೀಸ್ 1,65,000. ‘ಡಿಜಿಸಿಎ ನಿಯಮದಂತೆ ಸಿಲಬಸ್’ ಅಂತ ಪಾಂಪ್ಲೆಟ್‌ನಲ್ಲಿದೆ, ಡಿಜಿಸಿಎ ಅಂದರೆ ವಿಮಾನಯಾನ ನಿಯಂತ್ರಿಸುವ ಕೇಂದ್ರ ಸರ್ಕಾರಿ ಸಂಸ್ಥೆ. ಸೋಮವಾರದೊಳಗೆ 10,000 ಕಟ್ಟಿದರೆ ಡಿಸ್ಕೌಂಟ್. ಅಪ್ಪ ಒಪ್ಪಿಬಿಟ್ಟಿದ್ದಾರೆ, ನನಗೇ ಅನುಮಾನ. ಸೇರಿದ್ದವರು, ಆ ಫೀಲ್ಡಿನಲ್ಲಿ ಇರುವವರು ಹೇಳಿ.

ಮಾಗಡಿ ರೋಡ್: ಎಲ್ಲಾ ಮೋಸ ಬ್ರದರ್. ಏರ್‌ಲೈನ್‌ಗಳು ವಾಕ್-ಇನ್ ಇಂಟರ್‌ವ್ಯೂ ಮಾಡುತ್ತವೆ, ಪಿಯುಸಿ ಆಗಿದ್ದರೆ ಸಾಕು, ನೇರ ಹೋಗಲಿ. ಒಂದೇ ರೂಲ್ ನೆನಪಿಡಿ: ಕೆಲಸದ ಹೆಸರಲ್ಲಿ ಯಾರೇ ಒಂದು ರೂಪಾಯಿ ಕೇಳಿದರೂ ಅದು ಫ್ರಾಡ್.

ಧಾರವಾಡ ತಂದೆ: ಡಿಜಿಸಿಎ ಅಂತ ಇದ್ದರೆ ಭಯ ಬೇಡ. ನನ್ನ ಮಗನನ್ನು ವಿಮಾನ ರಿಪೇರಿ ಕೋರ್ಸ್‌ಗೆ ಸೇರಿಸುವಾಗ ನಾನು ಅದನ್ನೇ ನೋಡಿದ್ದು. ಡಿಜಿಸಿಎ ಸೈಟ್‌ನಲ್ಲಿ ಆ ಕಾಲೇಜಿನ ಹೆಸರು ಇತ್ತು. ಈಗ ಲೈಸೆನ್ಸ್ ಪರೀಕ್ಷೆ ಬರೆಯುತ್ತಿದ್ದಾನೆ. ತಂಗಿಗೂ ಇದೇ ಕೋರ್ಸ್ ನೋಡಿ, ಹುಡುಗಿಯರೂ ಬರುತ್ತಾರೆ. ಆದರೆ ಪಿಯುಸಿಯಲ್ಲಿ ಸೈನ್ಸ್ ಬೇಕು.

ರ‍್ಯಾಂಪ್ ಸೈಡ್: ನಾನು ಗ್ರೌಂಡ್ ಹ್ಯಾಂಡ್ಲಿಂಗ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಈಗ ಡ್ಯೂಟಿ ಮ್ಯಾನೇಜರ್. ನಾಲ್ಕೈದು ಸಲ ಇಂಟರ್‌ವ್ಯೂ ಮಾಡುವ ಕಡೆಯೂ ಕೂತಿದ್ದೇನೆ.

ಧಾರವಾಡದ ಯಜಮಾನರು ಹೇಳಿದ್ದು ಅವರ ಮಗನ ಕೋರ್ಸ್‌ಗೆ ಸರಿ. ವಿಮಾನ ರಿಪೇರಿ ಕಲಿಸುವ ಸಂಸ್ಥೆಗೆ ಡಿಜಿಸಿಎ ಅನುಮತಿ ಬೇಕೇ ಬೇಕು, ಕಲಿತವರಿಗೆ ಕೊನೆಗೆ ಸಿಗುವ ಲೈಸೆನ್ಸ್ ಕೂಡ ಡಿಜಿಸಿಎಯದ್ದೇ. ಪೈಲಟ್ ತರಬೇತಿಯೂ ಹಾಗೇ. ಆದರೆ ಕ್ಯಾಬಿನ್ ಕ್ರೂ ಹಾಗಲ್ಲ. ನಮ್ಮ ದೇಶದಲ್ಲಿ ಅವರಿಗೆ ತರಬೇತಿ ಕೊಡುವುದು ಏರ್‌ಲೈನ್. ಮೊದಲು ಆಯ್ಕೆ ಮಾಡಿಕೊಳ್ಳುತ್ತಾರೆ, ಆಮೇಲೆ ಕಲಿಸುತ್ತಾರೆ. ಬಾಗಿಲು ತೆಗೆಯುವುದು, ಜಾರುಬಂಡಿಯಂಥ ಸ್ಲೈಡ್‌ನಿಂದ ಇಳಿಸುವುದು, ಬೆಂಕಿ ಆರಿಸುವುದು, ನೀರಿಗಿಳಿದು ಲೈಫ್ ರಾಫ್ಟ್ ಹತ್ತುವುದು, ಪ್ರಥಮ ಚಿಕಿತ್ಸೆ, ಎಲ್ಲಾ ಇರುತ್ತದೆ. ಆ ತರಬೇತಿಗೆ ಡಿಜಿಸಿಎ ಒಪ್ಪಿಗೆ ಇರುತ್ತದೆ. ಅದೂ ಆ ಕಂಪನಿ ಹಾರಿಸುವ ವಿಮಾನದ ಮಾದರಿಗೆ ತಕ್ಕಂತೆ. ಒಂದು ಏರ್‌ಲೈನ್‌ನಲ್ಲಿ ಐದು ವರ್ಷ ಹಾರಿದವರೂ ಇನ್ನೊಂದಕ್ಕೆ ಸೇರಿದರೆ ಮತ್ತೆ ತರಬೇತಿಗೆ ಕೂರಬೇಕು. ಅಂದ ಮೇಲೆ ರಾಜಾಜಿನಗರದ ಎರಡನೇ ಮಹಡಿಯಲ್ಲಿ ನಾಲ್ಕು ಸಾಲು ಸೀಟು ಜೋಡಿಸಿ ಕಲಿಸಿದ್ದಕ್ಕೆ ಕೊಟ್ಟ ಸರ್ಟಿಫಿಕೇಟ್‌ನಿಂದ ಯಾರೂ ವಿಮಾನ ಹತ್ತಿಸುವುದಿಲ್ಲ. ಪಾಂಪ್ಲೆಟ್‌ನಲ್ಲಿ ‘ಡಿಜಿಸಿಎ ಮಾನ್ಯತೆ’ ಅಂತ ಇಲ್ಲ, ‘ನಿಯಮದಂತೆ ಸಿಲಬಸ್’ ಅಂತ ಇದೆ, ನೋಡಿ. ಬರೆದವರಿಗೆ ಗೊತ್ತಿದ್ದೇ ಬರೆದಿದ್ದಾರೆ.

ದುಡ್ಡು ಕಟ್ಟುವ ಮೊದಲು ಇನ್ನೊಂದು ಕೆಲಸ ಮಾಡಿ. ತಂಗಿಯನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ, ಚಪ್ಪಲಿ ಇಲ್ಲದೆ. ಇಲ್ಲಿನ ಏರ್‌ಲೈನ್‌ಗಳು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 155 ಸೆಂ.ಮೀ. ಕೇಳುತ್ತವೆ. ಎಮಿರೇಟ್ಸ್‌ಗೆ 160 ಸೆಂ.ಮೀ. ಇರಬೇಕು, ತುದಿಗಾಲಲ್ಲಿ ನಿಂತು ಕೈ ಚಾಚಿದರೆ 212 ಸೆಂ.ಮೀ. ಮುಟ್ಟಬೇಕು, ವಯಸ್ಸು 21 ಆಗಿರಬೇಕು. ಯೂನಿಫಾರ್ಮ್ ಹಾಕಿದ ಮೇಲೆ ಕಾಣುವ ಹಚ್ಚೆ ಇರಬಾರದು. ವಾಕ್-ಇನ್‌ನಲ್ಲಿ ಬಾಗಿಲಲ್ಲೇ ಅಳೆದು ಅರ್ಧ ಜನರನ್ನು ವಾಪಸ್ ಕಳಿಸುವುದನ್ನು ಕಂಡಿದ್ದೇನೆ. ಇನ್‌ಸ್ಟಿಟ್ಯೂಟ್‌ನಲ್ಲಿ ಮಾತ್ರ ಫೀಸ್ ಕಟ್ಟುವವರೆಗೆ ಯಾರೂ ಟೇಪ್ ಹಿಡಿಯುವುದಿಲ್ಲ.

ಮಾಗಡಿ ರೋಡ್: ನಾನು ಹೇಳಿದ್ದೂ ಅದೇ ಅಲ್ವಾ ಸರ್?

ರ‍್ಯಾಂಪ್ ಸೈಡ್: ಅರ್ಧ ಸರಿ. ಗ್ರೌಂಡ್ ಸ್ಟಾಫ್ ವಿಷಯಕ್ಕೆ ಬಂದರೆ ನಿಮ್ಮ ರೂಲ್ ನಿಲ್ಲುವುದಿಲ್ಲ. ಎಐ ಏರ್‌ಪೋರ್ಟ್ ಸರ್ವಿಸಸ್ ಅಂತ ಸರ್ಕಾರಿ ಕಂಪನಿ ಇದೆ. ಅವರ ವಾಕ್-ಇನ್ ನೋಟಿಸ್‌ಗಳಲ್ಲಿ 500 ರೂಪಾಯಿ ಅರ್ಜಿ ಶುಲ್ಕ ಕೇಳಿದ್ದಾರೆ, ಎಸ್‌ಸಿ ಎಸ್‌ಟಿಯವರಿಗೆ ಇಲ್ಲ. ಆದರೆ ಅದು ಕಂಪನಿ ಹೆಸರಿಗೆ ಡಿಡಿ. ಯಾರದೋ ಮೊಬೈಲ್ ನಂಬರಿಗೆ ಗೂಗಲ್ ಪೇ ಮಾಡಿ ಅಂದರೆ ಮಾತ್ರ ಓಡಿ.

ಅದೇ ನೋಟಿಸ್‌ಗಳಲ್ಲಿ ಕಸ್ಟಮರ್ ಸರ್ವಿಸ್ ಎಕ್ಸಿಕ್ಯುಟಿವ್‌ಗೆ ಡಿಗ್ರಿ ಕೇಳುತ್ತಾರೆ. ಜೂನಿಯರ್ ಹುದ್ದೆಗೆ ಪಿಯುಸಿ. ಅನುಭವ ಇದ್ದವರಿಗೆ ಅಥವಾ ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘ ಐಯಾಟಾದ ಡಿಪ್ಲೊಮಾದಂಥದ್ದು ಇದ್ದವರಿಗೆ ಆದ್ಯತೆ ಅಂತ ಬರೆದಿರುತ್ತಾರೆ. ಆದ್ಯತೆ ಅಷ್ಟೇ, ಕಡ್ಡಾಯ ಅಲ್ಲ. ಹಾಗಾಗಿ ಗ್ರೌಂಡ್ ಕಡೆ ಸರ್ಟಿಫಿಕೇಟ್‌ಗೆ ಸ್ವಲ್ಪ ಬೆಲೆ ಇದೆ. ಅದನ್ನು ಕೊಟ್ಟವರು ಯಾರು ಅನ್ನುವುದೇ ಪ್ರಶ್ನೆ. ಐಯಾಟಾ ಒಪ್ಪಿದ ಕೇಂದ್ರಗಳ ಹೆಸರು ಅವರ ಸೈಟ್‌ನಲ್ಲೇ ಸಿಗುತ್ತದೆ, ಹುಡುಕಿ ನೋಡಿ. ಬರೀ ‘ಐಯಾಟಾ ಸಿಲಬಸ್’ ಅಂತ ಇದ್ದರೆ ಮತ್ತೆ ಅದೇ ಡಿಜಿಸಿಎ ಕಥೆ.

ಕೊಪ್ಪದ ಹುಡುಗಿ: ನಾನು ಇಂಥದ್ದೇ ಒಂದು ಕಡೆ ಸೇರಿದ್ದೆ, 2022ರಲ್ಲಿ. ಹೆಸರು ಬೇಡ. ಫೀಸ್ 1,40,000. ಅಪ್ಪನ ಹತ್ತಿರ ಒಟ್ಟಿಗೆ ಇರಲಿಲ್ಲ. ‘ಪರವಾಗಿಲ್ಲ ಅಂಕಲ್, ಕಂತಲ್ಲಿ ಕಟ್ಟಿ’ ಅಂದು ಅಪ್ಪನ ಆಧಾರ್, ಪಾನ್ ತೆಗೆದುಕೊಂಡು ಮೊಬೈಲ್‌ಗೆ ಒಟಿಪಿ ಕಳಿಸಿದರು. ನಾವು ಇನ್‌ಸ್ಟಿಟ್ಯೂಟ್‌ಗೇ ಕಂತು ಕಟ್ಟುತ್ತೇವೆ ಅಂದುಕೊಂಡೆವು. ಅದು ನಿಜಕ್ಕೂ ಒಂದು ಫೈನಾನ್ಸ್ ಕಂಪನಿಯ ಸಾಲ. ಅವತ್ತೇ ಪೂರ್ತಿ ಹಣ ಇನ್‌ಸ್ಟಿಟ್ಯೂಟ್ ಕೈ ಸೇರಿತ್ತು. ನಾಲ್ಕನೇ ತಿಂಗಳು ಹುಷಾರಿಲ್ಲದೆ ನಾನು ಬಿಟ್ಟೆ. ಕ್ಲಾಸ್ ನಿಂತಿತು, ಕಂತು ನಿಲ್ಲಲಿಲ್ಲ. ಎರಡು ತಿಂಗಳು ಕಟ್ಟದೆ ಇದ್ದದ್ದಕ್ಕೆ ಅಪ್ಪನ ಸಿಬಿಲ್ ಸ್ಕೋರ್ ಬಿತ್ತು. ಮುಂದಿನ ವರ್ಷ ಟ್ರ್ಯಾಕ್ಟರ್ ಲೋನ್ ಕೇಳಲು ಹೋದಾಗಲೇ ಅದು ಗೊತ್ತಾಗಿದ್ದು. ದಯವಿಟ್ಟು ‘ಕಂತು’ ಅಂದರೆ ಯಾರಿಗೆ ಕಟ್ಟುವ ಕಂತು ಅಂತ ಕೇಳಿ.

ಒಳ್ಳೆಯದೂ ಹೇಳಬೇಕು. ಅಲ್ಲಿನ ಇಂಗ್ಲಿಷ್ ಮೇಡಂ ತುಂಬಾ ಚೆನ್ನಾಗಿದ್ದರು. ನಾನು ಮೊದಲ ಸಲ ನಾಲ್ಕು ಜನರ ಮುಂದೆ ತಡವರಿಸದೆ ಮಾತಾಡಿದ್ದು ಅಲ್ಲೇ.

ಹಾಸನದ ಅಣ್ಣ: ಇವತ್ತು ಅಗ್ರಿಮೆಂಟ್ ತರಿಸಿಕೊಂಡೆ. ಪ್ಲೇಸ್‌ಮೆಂಟ್ ಬಗ್ಗೆ ಇರುವುದು ಇಷ್ಟು: ‘ವಿಮಾನಯಾನ, ಹಾಸ್ಪಿಟಾಲಿಟಿ, ರಿಟೇಲ್ ಮತ್ತು ಸಂಬಂಧಿತ ಕ್ಷೇತ್ರಗಳಲ್ಲಿ ಮೂರು ಇಂಟರ್‌ವ್ಯೂ ಅವಕಾಶ ಒದಗಿಸಲಾಗುವುದು. ಹಾಜರಾತಿ ಶೇ. 85ಕ್ಕಿಂತ ಕಡಿಮೆ ಇದ್ದರೆ ಅಥವಾ ವಿದ್ಯಾರ್ಥಿ ಅವಕಾಶ ನಿರಾಕರಿಸಿದರೆ ಸಂಸ್ಥೆಯ ಹೊಣೆ ಮುಗಿಯುತ್ತದೆ. ಕಟ್ಟಿದ ಶುಲ್ಕ ವಾಪಸ್ ಇಲ್ಲ.’ ಫೀಸ್ ಮೇಲೆ ಜಿಎಸ್‌ಟಿ ಪ್ರತ್ಯೇಕ ಅಂತಲೂ ಇದೆ.

ರ‍್ಯಾಂಪ್ ಸೈಡ್: ಇದನ್ನು ಅಪ್ಪನಿಗೆ ಓದಿ ಹೇಳಿ. ಕೆಲಸ ಅನ್ನುವ ಪದವೇ ಇಲ್ಲ, ಇಂಟರ್‌ವ್ಯೂ ಇದೆ. ಮಾಲ್‌ನ ಬಟ್ಟೆ ಅಂಗಡಿ ಇಂಟರ್‌ವ್ಯೂಗೆ ಕಳಿಸಿದರೂ ಒಂದು ಲೆಕ್ಕಕ್ಕೆ ಬರುತ್ತದೆ. ತಂಗಿ ಬೇಡ ಅಂದರೆ ‘ನಿರಾಕರಿಸಿದ್ದಾಳೆ’ ಅಂತ ಅಲ್ಲಿಗೇ ಮುಗಿಯಿತು. ಏರ್‌ಲೈನ್ ವಾಕ್-ಇನ್‌ಗೆ ಬಸ್ಸಲ್ಲಿ ಕರೆದುಕೊಂಡು ಹೋದರೂ ಒಂದು ಅವಕಾಶ. ಆ ವಾಕ್-ಇನ್ ಎಲ್ಲರಿಗೂ ತೆರೆದಿದ್ದು, ನೀವೇ ಹೋಗಬಹುದಿತ್ತು.

ಲೆಕ್ಕ ಹಾಕಿ. 1,65,000ಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 1,94,700. ಪಿಜಿ ಊಟ ತಿಂಗಳಿಗೆ 8,000 ಅಂದುಕೊಂಡರೂ ಹನ್ನೊಂದು ತಿಂಗಳಿಗೆ 88,000. ಎರಡೂ ಕೂಡಿದರೆ 2,82,700. ನಮ್ಮಲ್ಲಿ ಹೊಸದಾಗಿ ಬರುವ ಹುಡುಗಿಯರ ಕೈಗೆ ಸಿಗುವುದು 18ರಿಂದ 20 ಸಾವಿರ, ಅದೂ ಶಿಫ್ಟ್. ಬೆಳಗಿನ ಜಾವ 3 ಗಂಟೆಗೆ ಕ್ಯಾಬ್.

ಇನ್‌ಸ್ಟಿಟ್ಯೂಟ್‌ಗೆ ಹೋದಾಗ ಗೋಡೆ ಮೇಲಿನ ಫೋಟೋ ನೋಡಬೇಡಿ. ಹೋದ ವರ್ಷದ ಬ್ಯಾಚ್‌ನಲ್ಲಿ ಸೇರಿದವರು ಎಷ್ಟು, ಈಗ ಎಲ್ಲಿದ್ದಾರೆ ಅಂತ ಕೇಳಿ. ಇಬ್ಬರ ಜೊತೆ ಮಾತಾಡಿಸಿ ಅನ್ನಿ, ಅವರು ಆರಿಸಿಕೊಟ್ಟ ಇಬ್ಬರಲ್ಲ, ನೀವು ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದವರು. ಅವರ ಸಂಬಳದ ಚೀಟಿಯಲ್ಲಿ ಯಾವ ಕಂಪನಿ ಹೆಸರಿದೆ ಅಂತಲೂ ಕೇಳಿ. ‘ಏರ್‌ಪೋರ್ಟ್‌ನಲ್ಲಿ ಕೆಲಸ’ ಅಂದರೆ ಎಷ್ಟೋ ಸಲ ಅಲ್ಲಿನ ಕಾಫಿ ಅಂಗಡಿ. ಅದು ಕೆಟ್ಟ ಕೆಲಸ ಅಂತಲ್ಲ. ಆದರೆ ಅದಕ್ಕೆ ಎರಡು ಲಕ್ಷದ ಕೋರ್ಸ್ ಯಾಕೆ?

ಕೆಂಗೇರಿ: ನೀವೆಲ್ಲ ಒಂದೇ ಕಡೆ ಎಳೆಯುತ್ತಿದ್ದೀರಿ. ನಾನು ಇನ್‌ಸ್ಟಿಟ್ಯೂಟ್‌ನಿಂದಲೇ ಬಂದವಳು. ಈಗ ಚೆಕ್-ಇನ್ ಕೌಂಟರ್‌ನಲ್ಲಿ ಮೂರು ವರ್ಷ. ಚಿಂತಾಮಣಿ ಹತ್ತಿರದ ಹಳ್ಳಿಯವಳು ನಾನು. ವಾಕ್-ಇನ್ ಅನ್ನುವುದು ಒಂದಿದೆ ಅಂತಲೇ ಗೊತ್ತಿರಲಿಲ್ಲ. ಸೀರೆ ಹೇಗೆ ಉಡಬೇಕು, ಗುಂಪು ಚರ್ಚೆಯಲ್ಲಿ ಯಾವಾಗ ಬಾಯಿ ಹಾಕಬೇಕು, ಎಲ್ಲಾ ಅಲ್ಲೇ ಕಲಿತಿದ್ದು. ಆರು ತಿಂಗಳು, 45,000. ನನಗೆ ವಸೂಲಾಯಿತು.

ರ‍್ಯಾಂಪ್ ಸೈಡ್: ಮೇಡಂ, ನೀವು ಕೊಂಡಿದ್ದು ಇಂಗ್ಲಿಷ್ ಮತ್ತು ಧೈರ್ಯ. ಅದು 45,000ಕ್ಕೆ ಸಿಕ್ಕಿದ್ದರೆ ನಾನು ಜಗಳ ಆಡಲ್ಲ. ಒಂದು ಕೇಳಲಾ? ಇಂಟರ್‌ವ್ಯೂನಲ್ಲಿ ಆ ಸರ್ಟಿಫಿಕೇಟ್ ಯಾರಾದರೂ ಕೇಳಿದರಾ?

ಕೆಂಗೇರಿ: ಫೈಲ್‌ನಲ್ಲಿ ಇಟ್ಟಿದ್ದೆ. ಡಿಗ್ರಿ ಮಾರ್ಕ್ಸ್ ಕಾರ್ಡ್ ನೋಡಿದರು, ಇದನ್ನು ಮಗುಚಿ ಮುಂದೆ ಹೋದರು. ಆದರೆ ಸೇರಿದ ಮೇಲೆ ‘ಪಿಎನ್‌ಆರ್ ಅಂದರೆ ಏನು’ ಅಂತ ಕೇಳುವ ಸ್ಥಿತಿ ನನಗಿರಲಿಲ್ಲ, ಅದೂ ಒಂದು ಲಾಭ ಅಲ್ವಾ? ನೀವು ಒಳಗಿನವರು, ನಿಮಗೆ ಅದು ಸಣ್ಣದಾಗಿ ಕಾಣುತ್ತದೆ.

ಕೊಪ್ಪದ ಹುಡುಗಿ: ನಮಗೆ ‘ಏರ್‌ಪೋರ್ಟ್ ಒಳಗೆ ಟ್ರೈನಿಂಗ್’ ಅಂದಿದ್ದರು. ಹೊರಗೆ ನಿಲ್ಲಿಸಿ ಫೋಟೋ ತೆಗೆದರು ಅಷ್ಟೇ.

ರ‍್ಯಾಂಪ್ ಸೈಡ್: ಅದು ಹಾಗೇ ಆಗುವುದು. ನಾವು ಕೆಲಸ ಮಾಡುವ ಜಾಗಕ್ಕೆ ವಿಮಾನಯಾನ ಭದ್ರತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಬಿಸಿಎಎಸ್‌ನ ಪಾಸ್ ಬೇಕು. ಕೆಲಸ ಕೊಟ್ಟ ಕಂಪನಿ ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಆಗಿ, ಆಮೇಲೆ ಪಾಸ್. ಭದ್ರತೆಯ ತರಬೇತಿಗೂ ಕಂಪನಿಯೇ ಕಳಿಸುತ್ತದೆ.

ತುಮಕೂರು ವಕೀಲ: ಆ ಪಾಂಪ್ಲೆಟ್ ಎಸೆಯಬೇಡಿ. ‘ನೂರಕ್ಕೆ ನೂರು’ ಅಂದ ವಾಟ್ಸಾಪ್ ಮೆಸೇಜ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಕೋಚಿಂಗ್ ಸೆಂಟರ್‌ಗಳು ಕೆಲಸ ಖಾತ್ರಿ ಅಂತ ಸುಳ್ಳು ಜಾಹೀರಾತು ಕೊಡಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ನಿಯಮ ತಂದಿದೆ. ಇಂಥ ಇನ್‌ಸ್ಟಿಟ್ಯೂಟ್ ಕೋಚಿಂಗ್ ಸೆಂಟರ್ ಅಲ್ಲ ಅಂತ ಅವರ ವಕೀಲರು ವಾದಿಸಬಹುದು. ಆದರೂ 1915ಕ್ಕೆ ದೂರು ಕೊಡಲು ದುಡ್ಡೇನೂ ಕೊಡಬೇಕಿಲ್ಲ.

ಮಾಗಡಿ ರೋಡ್: ಅಣ್ಣ, ಕೊನೆಗೆ ಏನು ಮಾಡಿದಿರಿ?

ಹಾಸನದ ಅಣ್ಣ: ಮೊನ್ನೆ ಗೋಡೆಗೆ ನಿಲ್ಲಿಸಿ ಅಳೆದೆವು. 153. ಮೂರು ಸಲ ಅಳೆಸಿಕೊಂಡಳು, ಒಂದು ಸಲ ಕೂದಲು ಎತ್ತಿ ಕಟ್ಟಿಕೊಂಡು. ಅರ್ಧ ದಿನ ಮಾತಾಡಲಿಲ್ಲ. ಆಮೇಲೆ ತಾನೇ ಬಂದು ‘ಕೌಂಟರ್ ಕೆಲಸಕ್ಕೆ ಎತ್ತರ ಕೇಳಲ್ಲ ಅಲ್ವಾ’ ಅಂದಳು. ಹಾಸನದಲ್ಲೇ ಬಿ.ಕಾಂ.ಗೆ ಅರ್ಜಿ ಹಾಕಿದ್ದೇವೆ, ಜೊತೆಗೆ ಸಂಜೆ ಸ್ಪೋಕನ್ ಇಂಗ್ಲಿಷ್. ಅಪ್ಪನಿಗೆ ಇನ್ನೂ ಸ್ವಲ್ಪ ಬೇಜಾರಿದೆ, ಊರಲ್ಲಿ ನಾಲ್ಕು ಜನರಿಗೆ ಹೇಳಿಬಿಟ್ಟಿದ್ದರು.

ಸೋಮವಾರ ದುಡ್ಡು ಕಟ್ಟಲಿಲ್ಲ. ಮಂಗಳವಾರ ಬೆಳಗ್ಗೆ ಅವರೇ ಫೋನ್ ಮಾಡಿದರು. ಡಿಸ್ಕೌಂಟ್ ಶುಕ್ರವಾರದವರೆಗೆ ಇದೆಯಂತೆ.