ಸಹಾಯ ಬೇಕು: ಕ್ರೋನೆಕರ್ ಪ್ರಾಡಕ್ಟ್‌ನ ಐಗನ್ ವ್ಯಾಲ್ಯೂ ಸರಿ ಬಂತು, ವೆಕ್ಟರ್ ಹೊಂದುತ್ತಿಲ್ಲ

ಪುಣೆಯಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ, ಊರು ಧಾರವಾಡ. ಕೊತ್ರೂಡ್‌ನ ರೂಮಿನಲ್ಲಿ ಎರಡು ರಾತ್ರಿಯಿಂದ ಈ ಲೆಕ್ಕ ಹಿಡಿದು ಕೂತಿದ್ದೇನೆ. ರೂಮ್‌ಮೇಟ್‌ಗಳು ಕಾಮರ್ಸ್‌ನವರು, ಕೇಳಿ ಪ್ರಯೋಜನವಿಲ್ಲ.

```
A = [2 1]
    [1 2]
```

A ಯ ಐಗನ್ ವ್ಯಾಲ್ಯೂ 3 ಮತ್ತು 1. ವೆಕ್ಟರ್‌ಗಳು u = (1, 1), v = (1, −1). A ⊗ A ಬೇಕು. ಒಂದರ ವ್ಯಾಲ್ಯೂಗಳನ್ನು ಇನ್ನೊಂದರವುಗಳಿಂದ ಗುಣಿಸಿದರೆ 9, 3, 3, 1. ಕೂಡಿದರೆ 16, ಅದೇ 4×4 ಮ್ಯಾಟ್ರಿಕ್ಸ್‌ನ ಟ್ರೇಸ್. ಗುಣಿಸಿದರೆ 81, ಡಿಟರ್ಮಿನೆಂಟ್ ಕೂಡ ಅಷ್ಟೇ. ಇಲ್ಲಿವರೆಗೆ ತೊಂದರೆ ಇಲ್ಲ.

ನಿಯಮದ ಪ್ರಕಾರ 3ಕ್ಕೆ u ⊗ v = (1, −1, 1, −1) ಮತ್ತು v ⊗ u = (1, 1, −1, −1) ಬರಬೇಕು ಅಲ್ವಾ? ಆದರೆ 4×4 ಅನ್ನೇ ನೇರವಾಗಿ ಬಿಡಿಸಿದಾಗ ಬಂದದ್ದು (1, 0, 0, −1) ಮತ್ತು (0, 1, −1, 0). ತಪ್ಪೆಂದುಕೊಂಡು ಮೊದಲನೆಯದನ್ನು ಮ್ಯಾಟ್ರಿಕ್ಸ್‌ನಿಂದ ಗುಣಿಸಿದೆ. ಸರಿಯಾಗಿ (3, 0, 0, −3) ಬಂತು! ಆದರೆ ಇದನ್ನು ಯಾವುದೇ ಎರಡು ಚಿಕ್ಕ ವೆಕ್ಟರ್‌ಗಳ ⊗ ಆಗಿ ಒಡೆಯಲು ಆಗಲ್ಲ. (a, b, c, d) ಒಡೆಯಬೇಕಾದರೆ ad = bc ಇರಬೇಕು. ಇಲ್ಲಿ ಒಂದು ಕಡೆ −1, ಇನ್ನೊಂದು ಕಡೆ 0.

ಆಮೇಲೆ ಸುಮ್ನೆ u ⊗ v ಮತ್ತು v ⊗ u ಕೂಡಿ ನೋಡಿದೆ. (2, 0, 0, −2), ಅಂದರೆ ನನ್ನ ವೆಕ್ಟರ್‌ನ ಎರಡರಷ್ಟು.

ಹಾಗಾದರೆ ಈ ಗೊಂದಲಕ್ಕೆ 3 ಎರಡು ಸಲ ಬಂದಿರುವುದೊಂದೇ ಕಾರಣವೇ? ನಾಲ್ಕೂ ಗುಣಲಬ್ಧ ಬೇರೆ ಬೇರೆ ಇದ್ದರೆ ಪ್ರತಿ ಐಗನ್ ವೆಕ್ಟರ್ ಕೂಡ ಒಡೆಯುವಂಥದ್ದೇ ಆಗಿರುತ್ತದೆಯೇ?