ಮರೆಗುಳಿ ಆನೆ, ಕಳೆದುಹೋದ ಕೊಡೆ: ಮಲಗಿಸುವ ಕಥೆ ನೀವು ಹೇಗೆ ಹೇಳ್ತೀರಿ?

ಬೆಂಗಳೂರಿನ ಅಮ್ಮ ಕೇಳಿದ್ದು

ಮಗಳಿಗೆ ಐದು ವರ್ಷ. ದಿನಾ ರಾತ್ರಿ "ಮರೆಗುಳಿ ಆನೆ ಕೊಡೆ ಕಳ್ಕೊಂಡ ಕಥೆ ಹೇಳು, ನಗು ಬರ್ಬೇಕು" ಅಂತಾಳೆ. ಆನೆ ಕಾಡೆಲ್ಲ ಹುಡುಕಿತು, ಕೊನೆಗೆ ಪೊದೆ ಹಿಂದೆ ಕೊಡೆ ಸಿಕ್ತು ಅಂತ ಹೇಳಿದ್ರೆ ಮುಖ ನೋಡ್ತಾಳೆ ಅಷ್ಟೇ. ನಗಿಸೋಕೆ ಹೋದ್ರೆ ನಿದ್ದೆ ಹಾರಿಹೋಗುತ್ತೆ. ನೀವೆಲ್ಲ ಹೇಗೆ ಹೇಳ್ತೀರಿ?

ದಾವಣಗೆರೆಯ ಮಾವ

ಕೊನೇಲಿ ಒಂದು ದೊಡ್ಡ ಟ್ವಿಸ್ಟ್ ಇಡಿ, ಅಲ್ಲೇ ಇರೋದು ಮಜಾ. ಅಕ್ಕನ ಮಗನಿಗೆ ನಾನು ಹೇಳಿದ್ದು ಹೀಗೆ: ಕೊಡೆನ ಮೊಸಳೆ ನುಂಗಿಬಿಟ್ಟಿತ್ತು, ಹೊಟ್ಟೆ ಒಳಗೆ ಅದು ಟಪ್ ಅಂತ ಬಿಚ್ಕೊಂಡು ಮೊಸಳೆ ಉಬ್ಬಿಹೋಯ್ತು. ಹುಡುಗ ಬಿದ್ದು ಬಿದ್ದು ನಕ್ಕ, ಅದೇ ಜಾಗ ಮತ್ತೆ ಮತ್ತೆ ಹೇಳಿಸಿದ. ಒಂದೊಂದು ಪ್ರಾಣಿಗೆ ಒಂದೊಂದು ದನಿ ಕೊಡಿ, ನಡುವೆ ಸ್ವಲ್ಪ ಕಚಗುಳಿ ಇಡಿ. ಎಷ್ಟೊತ್ತಿಗೆ ಮಲಗಿದ ಅಂತ ಮಾತ್ರ ಕೇಳ್ಬೇಡಿ, ಅದು ಅಕ್ಕನ ಡಿಪಾರ್ಟ್‌ಮೆಂಟು.

ತೀರ್ಥಹಳ್ಳಿಯಿಂದ, ಶಿಶುವಿಹಾರದ ನಿವೃತ್ತ ಟೀಚರ್

ದನಿ ಬದಲಾಯಿಸೋದೂ, ಒಂದೇ ಜಾಗ ಮತ್ತೆ ಮತ್ತೆ ಹೇಳೋದೂ ಸರಿ. ಟ್ವಿಸ್ಟು ಮತ್ತು ಕಚಗುಳಿ ಹಗಲಿಗಿರಲಿ. ಕೊನೆಯಲ್ಲಿ ಟಪ್ ಅಂತ ಏನಾದರೂ ಆದರೆ ಮಗು ಎದ್ದು ಕೂರುತ್ತದೆ, ಮಲಗುವುದಿಲ್ಲ.

ನಿಮ್ಮ ಕಥೆಯಲ್ಲಿ ನಗು ಬಾರದ್ದಕ್ಕೆ ಕಾರಣ ಸಣ್ಣದು, ತಾಯಿ. ಕೊಡೆ ಎಲ್ಲಿದೆ ಅಂತ ಆನೆಗೂ ಗೊತ್ತಿಲ್ಲ, ಮಗುವಿಗೂ ಗೊತ್ತಿಲ್ಲ. ಇಬ್ಬರೂ ಹುಡುಕುತ್ತಿದ್ದರೆ ಅದು ಪತ್ತೇದಾರಿ ಕಥೆ ಆಯಿತು. ಐದು ವರ್ಷದ ಮಗುವಿಗೆ ಬೇಕಾದದ್ದು ತನಗೆ ಗೊತ್ತಿದ್ದು ಅಷ್ಟು ದೊಡ್ಡ ಪ್ರಾಣಿಗೆ ಗೊತ್ತಿಲ್ಲದಿರುವುದು. ಮನೆಯಲ್ಲಿ ದಿನವಿಡೀ ಎಲ್ಲರೂ ಅದಕ್ಕೇ ಹೇಳಿಕೊಡುವವರು. ರಾತ್ರಿ ಒಂದು ಆನೆಗೆ ತಾನು ಹೇಳಿಕೊಡಲು ಸಿಕ್ಕರೆ ಬಿಡುತ್ತದೆಯೇ? ಅದಕ್ಕೆ ಕೊಡೆ ಎಲ್ಲಿದೆ ಅಂತ ಮೊದಲೇ ಹೇಳಿಬಿಡಿ. ಬಾಗಿದ ಹಿಡಿಕೆಯ ಕರಿಕೊಡೆಯನ್ನು ಆನೆಯ ಬಾಲಕ್ಕೇ ನೇತುಹಾಕಿ. ತಲೆಯ ಮೇಲೆ ಬೇಡ, ಸೊಂಡಿಲಿಗೆ ಸಿಕ್ಕಿಬಿಡುತ್ತದೆ, ಮಗು ತಕ್ಷಣ ಕೇಳುತ್ತದೆ.

ಎರಡನೆಯದು, ಈ ಮರೆವು ಹೆಜ್ಜೆ ಹೆಜ್ಜೆಗೂ ಕಾಣಬೇಕು. "ಆನೆಗೆ ತುಂಬಾ ಮರೆವು" ಅಂದುಬಿಟ್ಟರೆ ಏನೂ ಆಗಲಿಲ್ಲ. ಅತ್ತೆ ಮನೆಯ ಕಡುಬು ತಿಂದು, ದಾರಿಯಲ್ಲಿ ಅದರ ಹೆಸರು ಮರೆತ ಅಳಿಯನ ಕಥೆ ಕೇಳಿದ್ದೀರಲ್ಲ? ಹಳ್ಳ ದಾಟುವಾಗ ಮಾತು ಜಾರುತ್ತದೆ. ನಮ್ಮ ಆನೆಗೂ ಅದೇ ಮಾಡಿ. ನಾನು ಹೇಳುವುದು ಹೀಗೆ:

ಒಂದು ಮಳೆಕಾಡು. ಅಲ್ಲಿ ಡುಬ್ಬಣ್ಣ ಅಂತ ಒಂದು ಆನೆ. ಮಳೆ ಬರುವ ಹಾಗಿದೆ ಅಂತ ಕೊಡೆ ತೆಗೆದುಕೊಂಡು ಹೊರಟಿತು. ದಾರಿಯಲ್ಲಿ ಒಂದು ಹಲಸಿನಹಣ್ಣು ಕಂಡಿತು. ತಿನ್ನಲು ಸೊಂಡಿಲು ಬೇಕು, ಸೊಂಡಿಲಲ್ಲಿ ಕೊಡೆ ಇದೆ. ಏನು ಮಾಡೋದು? ಕೊಡೆಯನ್ನು ಬಾಲಕ್ಕೆ ಸಿಕ್ಕಿಸಿತು. ಹಣ್ಣು ತಿಂದಿತು, ಬೀಜ ತಿಂದಿತು, ಸಿಪ್ಪೆಯನ್ನೂ ತಿಂದಿತು. ಆಮೇಲೆ ಸೊಂಡಿಲು ನೋಡಿಕೊಂಡಿತು. "ಅಯ್ಯೋ! ನನ್ನ ಕೊಡೆ ಎಲ್ಲಿ?"

ಮುಂದೆ ಸೊಂಡಿಲು, ಹಿಂದೆ ಬಾಲ, ಬಾಲದಲ್ಲಿ ಕೊಡೆ, ತಲೆಯಲ್ಲಿ ಏನೂ ಇಲ್ಲ!

"ಕೊಡೆ, ಕೊಡೆ, ಕೊಡೆ" ಅಂತ ಹೇಳಿಕೊಳ್ಳುತ್ತಾ ಹೊರಟಿತು. ಒಂದು ಕೆಸರಿನ ಗುಂಡಿ ಬಂತು. ಕಾಲಿಟ್ಟಿತು, ಪಚಕ್! ಆಚೆ ಬಂದಾಗ ಬಾಯಲ್ಲಿ "ವಡೆ, ವಡೆ, ವಡೆ." ಮಂಗಣ್ಣನ ಹತ್ತಿರ ಹೋಗಿ "ಮಂಗಣ್ಣ, ಮಳೆ ಬಂದರೆ ತಲೆ ಮೇಲೆ ಹಿಡಿಯೋ ನನ್ನ ವಡೆ ನೋಡಿದೆಯಾ?" ಅಂತು. ಮಂಗ ತಲೆ ಕೆರೆದುಕೊಂಡು, "ತಲೆ ಮೇಲೆ ಇಟ್ಟುಕೊಂಡರೆ ಎಣ್ಣೆ ಸೋರಲ್ವಾ?" ಅಂತು.

(ಇಲ್ಲಿ ಮಗು "ವಡೆ ಅಲ್ಲ, ಕೊಡೆ!" ಅಂತ ಕಿರುಚುತ್ತದೆ. ಕಿರುಚಲಿ. ಇಡೀ ಕಥೆಯ ದೊಡ್ಡ ನಗು ಇಲ್ಲೇ ಮುಗಿಯಬೇಕು.)

"ಹೌದಲ್ಲ, ಕೊಡೆ" ಅಂತ ಡುಬ್ಬಣ್ಣ ಮುಂದೆ ಹೋಯಿತು. ಇನ್ನೊಂದು ಗುಂಡಿ. ಪಚಕ್. "ಕೊಡಲಿ, ಕೊಡಲಿ." ಮೊಲದ ಹತ್ತಿರ ಹೋಗಿ "ಮೊಲಮ್ಮ, ಬಿಚ್ಚಿ ಹಿಡಿಯೋ ನನ್ನ ಕೊಡಲಿ ನೋಡಿದೆಯಾ?" ಅಂತು. ಮೊಲ ಬಿಲದೊಳಗೆ ಹೋಗಿ, ಅಲ್ಲಿಂದಲೇ "ನಿನ್ನ ಬಾಲದಲ್ಲಿ ಏನೋ ಕಪ್ಪಗೆ ಇದೆ" ಅಂತು. "ಬಾಲವಾ? ಅದೆಲ್ಲಿದೆ?" ಅಂತು ಡುಬ್ಬಣ್ಣ.

ಮುಂದೆ ಸೊಂಡಿಲು, ಹಿಂದೆ ಬಾಲ, ಬಾಲದಲ್ಲಿ ಕೊಡೆ, ತಲೆಯಲ್ಲಿ ಏನೂ ಇಲ್ಲ.

ಬಾಲ ನೋಡೋಣ ಅಂತ ಡುಬ್ಬಣ್ಣ ಹಿಂದೆ ತಿರುಗಿತು. ಬಾಲವೂ ತಿರುಗಿತು. ಮತ್ತೆ ತಿರುಗಿತು. ಬಾಲವೂ ತಿರುಗಿತು. ಅಷ್ಟರಲ್ಲಿ ಮಳೆ ಬಂತು, ಟಪ, ಟಪ, ಟಪ. ತಿರುಗಿ ತಿರುಗಿ ಬಾಲದಲ್ಲಿದ್ದ ಕೊಡೆ ಮೆಲ್ಲಗೆ ಬಿಚ್ಚಿಕೊಂಡಿತು. "ಅರೆ, ಮುಖ ಒದ್ದೆ, ಕಿವಿ ಒದ್ದೆ, ಹಿಂದುಗಡೆ ಮಾತ್ರ ಒಣಗಿದೆಯಲ್ಲ!" ಇನ್ನೊಮ್ಮೆ ತಿರುಗಿತು, ಮೆಲ್ಲಗೆ. ಇನ್ನೊಮ್ಮೆ, ಇನ್ನೂ ಮೆಲ್ಲಗೆ. ಕಾಲು ಸೋತಿತು. ಕೂತಿತು. ಒರಗಿತು. "ಕೊಡೆ… ಕೊ… ಕೊರ್… ಕೊರ್ರ್ರ್…"

ಗಮನಿಸಿ, ಗೊರಕೆ ಸೇರಿದರೆ ಕೊಡೆಯ ಮಾತು ಮೂರನೇ ಸಲವೂ ಜಾರಿದ ಹಾಗೆ. ಮಂಗನ ಜಾಗ ಗಟ್ಟಿ ದನಿಯಲ್ಲಿ, ಮೊಲದ್ದು ಮಾಮೂಲಿ ದನಿಯಲ್ಲಿ, ತಿರುಗುವುದು ಪಿಸುಮಾತಿನಲ್ಲಿ. ಮೂರನೇ ಪ್ರಾಣಿ ತರಬೇಡಿ. ಇನ್ನೂ ಬೇಕು ಅಂದರೆ ಆನೆಯನ್ನು ಇನ್ನೆರಡು ಸುತ್ತು ತಿರುಗಿಸಿ.

ಸಕ್ರೆಬೈಲಿನ ಪಕ್ಕದ ಊರಿನವನು

ಕಥೆ ಚೆನ್ನಾಗಿದೆ ಮೇಡಂ, ಆದ್ರೆ ಆನೆಗೆ ಮರೆವು ಅನ್ನೋದೇ ತಪ್ಪು. ಇಲ್ಲಿ ಆನೆ ಬಿಡಾರದ ಮಾವುತರನ್ನ ಕೇಳಿ. ಪಳಗಿಸಿದೋರ ದನಿ ಆನೆ ವರ್ಷಾನುಗಟ್ಟಲೆ ಮರೆಯಲ್ಲ, ನೀರಿನ ಜಾಗ, ನಡೆದ ದಾರಿ ಮರೆಯಲ್ಲ. ಮಕ್ಕಳಿಗೆ ಸುಳ್ಳು ಹೇಳಿಕೊಟ್ಟ ಹಾಗಾಗಲ್ವಾ? ಒಂದು ವಿಷ್ಯಕ್ಕೆ ಮಾತ್ರ ಶಭಾಷ್: ಆನೆನ ಗುಂಡಿ ಮೇಲೆ ಹಾರಿಸಿಲ್ಲ. ಆನೆ ಎಗರಲ್ಲ, ಎಲ್ಲ ಕಥೇಲೂ ಎಗರಿಸ್ತಾರೆ.

ತೀರ್ಥಹಳ್ಳಿಯ ಟೀಚರ್

ನಿಮ್ಮ ಮಾತು ನಿಜ. ಕೊಡೆ ಹಿಡಿದ ಆನೆಯನ್ನು ಒಪ್ಪಿದ ಮಗು ಮರೆವನ್ನೂ ಒಪ್ಪುತ್ತದೆ ಬಿಡಿ. ಆದರೆ ನೀವು ಹೇಳಿದ್ದರಿಂದ ಒಂದು ಉಪಾಯ ಹೊಳೆಯಿತು. ಡುಬ್ಬಣ್ಣನಿಗೆ ತಿಂಡಿ ಮಾತ್ರ ಮರೆಯುವುದಿಲ್ಲ ಅಂತ ಮಾಡಬಹುದು. ಭತ್ತ, ಬೆಲ್ಲ, ಕಾಯಿ ಹುಲ್ಲಲ್ಲಿ ಸುತ್ತಿ ಕೊಡುವ ಕುಸುರೆ ಎಷ್ಟು ತಿಂದೆ ಅಂತ ಕೇಳಿದರೆ ಪಟ್ಟನೆ ಹೇಳುತ್ತದೆ, ತನ್ನ ಹೆಸರು ಕೇಳಿದರೆ ಯೋಚಿಸುತ್ತದೆ.

ಸಕಲೇಶಪುರದ ಕಡೆಯ ಅಮ್ಮ

ನಮ್ಮ ತೋಟಕ್ಕೆ ಆನೆ ಬರೋದು ರಾತ್ರಿನೇ. ಸಂಜೆ ಮೇಲೆ ಹೊರಗೆ ಹೋಗ್ಬೇಡ ಅಂತ ನಾವೇ ಮಗನಿಗೆ ಹೇಳಿರ್ತೀವಿ, ಪಟಾಕಿ ಸದ್ದು ಕೇಳಿದ್ರೆ ಬಂದು ತಬ್ಕೊಳ್ತಾನೆ. ಅವನಿಗೆ ಮಲಗೋ ಹೊತ್ತಲ್ಲಿ ಆನೆ ಕಥೆ ಹೇಗೆ ಹೇಳೋದು? ಭಯ ಹೋಗೋಕೆ ಏನು ಮಾಡ್ಬೇಕು?

ದಾವಣಗೆರೆಯ ಮಾವ

ಆನೆ ಬಿಡಿ, ಎಮ್ಮೆ ಮಾಡಿ. ಎಮ್ಮೆಗೂ ಬಾಲ ಇದೆ.

ತೀರ್ಥಹಳ್ಳಿಯ ಟೀಚರ್

ಮಾವ ಹೇಳಿದ್ದೇ ಸರಿ, ನಾನೂ ಎಮ್ಮೆಯನ್ನೇ ಮಾಡುತ್ತಿದ್ದೆ. ಆ ಊರಿನ ಮಗುವಿನ ಭಯಕ್ಕೆ ಕಾರಣ ಇದೆ. ನಗಿಸಿ ಅದನ್ನು ಪೂರ್ತಿ ತೆಗೆದುಹಾಕುವುದು ಒಳ್ಳೆಯದೋ ಅಲ್ಲವೋ, ನನಗೆ ಒಂದು ತೀರ್ಮಾನಕ್ಕೆ ಬರಲು ಆಗಿಲ್ಲ. ಮರೆಗುಳಿ ಅಂತ ನಂಬಿ ನಾಳೆ ಬೇಲಿ ಹತ್ತಿರ ಹೋಗಬಾರದಲ್ಲ.

ಧಾರವಾಡದಾಕಿ, ಈಗ ಡಬ್ಲಿನ್‌ನಾಗ

ಟೀಚರ್, ನಮ್ಮ ಕಡೆ ಕೊಡೆ ಅನ್ನಂಗಿಲ್ರಿ, ಛತ್ರಿ ಅಂತೀವಿ. ಇಲ್ಲೆ ಮಳಿಗೇನೂ ಬರ ಇಲ್ಲ, ಆದ್ರ ನನ್ನ ಮಗಗ ಕೊಡಲಿ ಅಂದ್ರ ಏನಂತನ ಗೊತ್ತಿಲ್ಲ. ಅದಕ್ಕ ನಾ ಛತ್ರಿ ಹೋಗಿ ಚಟ್ನಿ ಆತು, ಚಟ್ನಿ ಹೋಗಿ ಕತ್ತರಿ ಆತು ಅಂತ ಹೇಳಿದೆ. "ಮಳಿ ಬಂದ್ರ ತಲಿ ಮ್ಯಾಲೆ ಹಿಡಿಯೂ ಚಟ್ನಿ" ಅಂದ ಕೂಡ್ಲೆ ಉಳ್ಳಾಡಿ ನಕ್ಕಾನ. ಕತ್ತರಿಗೆ ಅಷ್ಟ ನಗಲಿಲ್ಲ. ತಿನ್ನೂ ವಸ್ತು ಆದ್ರ ನಗು ಜಾಸ್ತಿ ಅನ್ನಸ್ತದ. ಆದ್ರ ಕಡೀಕ ಅವಂದು ಒಂದ ಹಟ: ಡುಬ್ಬಣ್ಣಗ ಛತ್ರಿ ಸಿಗಬೇಕು, ಇಲ್ಲಂದ್ರ ಮಲಗಂಗಿಲ್ಲ. ಮುಂಜಾನೆ ಎದ್ದಾಗ ಸಿಕ್ತು ಅಂತ ಒಂದು ಮಾತು ಸೇರಿಸೇನಿ.

ತೀರ್ಥಹಳ್ಳಿಯ ಟೀಚರ್

ಸೇರಿಸಿ, ತಪ್ಪೇನಿಲ್ಲ. ಕೆಲವು ಮಕ್ಕಳಿಗೆ ಕಳೆದದ್ದು ಕಳೆದೇ ಇದ್ದರೆ ಮನಸ್ಸು ತಡೆಯುವುದಿಲ್ಲ. ಸಿಕ್ಕಿದ್ದನ್ನು ಗೊರಕೆಗಿಂತ ಮೊದಲೇ ತಂದು, ಗೊರಕೆಯನ್ನು ಕೊನೆಗೇ ಉಳಿಸಿಕೊಂಡರೆ ಸಾಕು. ಬೆಳಗಾಯಿತು ಅಂದರೆ ಮಗುವಿಗೂ ಬೆಳಗಾಗಿಬಿಡುತ್ತದೆ!

ಬೆಂಗಳೂರಿನ ಅಮ್ಮ

ಹೇಳಿ ನೋಡಿದೆ. ವಡೆ ಹತ್ರ ನಕ್ಕಿದ್ದಕ್ಕೆ ಪಕ್ಕದ ರೂಮಿಂದ ಅವರಪ್ಪ ಎದ್ದು ಬಂದ್ರು. ತೊಂದ್ರೆ ಆಗಿದ್ದು ಆನೆ ತಿರುಗೋ ಜಾಗದಲ್ಲಿ. ಇವಳೂ ಹಾಸಿಗೆ ಮೇಲೆ ನಿಂತು ತಿರುಗೋಕೆ ಶುರು ಮಾಡಿದ್ಲು, ಬಾಲಕ್ಕೆ ನನ್ನ ದುಪಟ್ಟಾ ಬೇರೆ. ಅಲ್ಲೇನು ಮಾಡ್ಲಿ?

ತೀರ್ಥಹಳ್ಳಿಯ ಟೀಚರ್

ತಿರುಗುವ ಕೆಲಸ ಬೆರಳಿಗೆ ಕೊಡಿ. ಮಲಗಿದ ಹಾಗೇ ನಿಮ್ಮ ಅಂಗೈ ಮೇಲೆ ಅವಳ ತೋರುಬೆರಳು ಆನೆಯಾಗಿ ಸುತ್ತಲಿ. ಕಥೆ ಶುರುವಾಗುವ ಮೊದಲೇ "ಇವತ್ತು ಡುಬ್ಬಣ್ಣ ನೀನೇ, ನಿನ್ನ ಬೆರಳೇ" ಅಂತ ಹೇಳಿಡಿ, ನಡುವೆ ಹೇಳಿದರೆ ಕೇಳುವುದಿಲ್ಲ. ನಿಮ್ಮ ಮಾತು ನಿಧಾನ ಆದಷ್ಟೂ ಬೆರಳು ನಿಧಾನ ಆಗುತ್ತದೆ. ದುಪಟ್ಟಾ ಮಾತ್ರ ಮೊದಲೇ ಎತ್ತಿಡಿ.

ದಾವಣಗೆರೆಯ ಮಾವ

ಮತ್ತೆ ಆ ಮೊಸಳೆನ ನಾಳೆ ಮಧ್ಯಾಹ್ನ ಕರ್ಕೊಂಡು ಬರ್ಲಾ?