ಪದಚರ್ಚೆ: ‘ನಾಟಕೀಯ ವ್ಯಂಗ್ಯ’ದಲ್ಲಿ ವ್ಯಂಗ್ಯ ಎಲ್ಲಿದೆ?

ಅನುವಾದಕಿ:
ಕಥೆ ಬರೆಯುವವರಿಗೆಂದು ಇರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡ್ರಮ್ಯಾಟಿಕ್ ಐರನಿ’ ಬಂದ ಕಡೆಯಲ್ಲೆಲ್ಲ ‘ನಾಟಕೀಯ ವ್ಯಂಗ್ಯ’ ಎಂದು ಹಾಕಿದೆ. ಕರಡು ಓದಿದವರು “ಇಲ್ಲಿ ಯಾರು ಯಾರನ್ನು ಚುಚ್ಚಿದರು?” ಎಂದು ಕೇಳಿದರು. ಪಾತ್ರಕ್ಕೆ ತಿಳಿಯದ ಗುಟ್ಟು ಓದುಗರಿಗೆ ತಿಳಿದಿದೆ, ಅದರಿಂದಲೇ ಜೀವ ಕೈಯಲ್ಲಿ ಹಿಡಿದು ಓದುತ್ತಾರೆ ಎಂಬ ಅರ್ಥ ಬರಬೇಕು. ಹಾಗೆಯೇ ‘ಸಸ್ಪೆನ್ಸ್’ಗೆ ‘ಕುತೂಹಲ’ ಸಾಕಾಗುತ್ತದೆಯೇ?

ಕರಡು ತಿದ್ದುವವರು:
‘ವಿಪರ್ಯಾಸ’ ಎಂದುಬಿಡಿ. ಪತ್ರಿಕೆಗಳಲ್ಲಿ ಐರನಿಗೆ ಅದೇ ನಡೆಯುತ್ತದೆ, ಯಾರಿಗೂ ತೊಡಕಿಲ್ಲ.

ಸಂಸ್ಕೃತ ಮೇಷ್ಟ್ರು:
ಪತ್ರಿಕೆಗೆ ಸರಿ, ಇಲ್ಲಿಗೆ ಅರ್ಧ ಮಾತ್ರ ಸರಿ. ಅಗ್ನಿಶಾಮಕ ಠಾಣೆಗೇ ಬೆಂಕಿ ಬಿದ್ದರೆ ವಿಪರ್ಯಾಸ. ಅದನ್ನು ಯಾರೂ ಮೊದಲೇ ತಿಳಿದಿರಬೇಕಾಗಿಲ್ಲ. ನೀವು ಕೇಳುತ್ತಿರುವುದು ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಸ್ಥಿತಿ. ‘ವ್ಯಂಗ್ಯ’ಕ್ಕೆ ಅಲಂಕಾರಶಾಸ್ತ್ರದಲ್ಲಿ ‘ಧ್ವನಿತವಾದ ಅರ್ಥ’ ಎಂದೇ ಅರ್ಥ, ಚುಚ್ಚುಮಾತಲ್ಲ. ಆ ಲೆಕ್ಕದಲ್ಲಿ ನಿಮ್ಮ ಪದ ತಪ್ಪೇನಲ್ಲ. ಆದರೆ ಇವತ್ತಿನ ಕಿವಿಗೆ ಆ ಅರ್ಥ ಕೇಳಿಸುವುದಿಲ್ಲ.

ಶಾಕುಂತಲವನ್ನೇ ನೋಡಿ. ಮಹಾಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ರಾಜ ಗೊತ್ತಿದ್ದೂ ಗೊತ್ತಿಲ್ಲ ಎನ್ನುತ್ತಾನೆ. ಕಾಳಿದಾಸ ನಾಲ್ಕನೆಯ ಅಂಕದ ಮೊದಲಿಗೇ ದುರ್ವಾಸರ ಶಾಪವನ್ನು ನಮಗೆ ಕೇಳಿಸಿಬಿಡುತ್ತಾನೆ. ಗುರುತಿನ ಆಭರಣ ಕಂಡರೆ ಶಾಪ ಕಳೆಯುತ್ತದೆ ಎಂಬುದನ್ನೂ ಅಲ್ಲಿಯೇ ಹೇಳುತ್ತಾನೆ. ಯೋಚನೆಯಲ್ಲಿ ಮುಳುಗಿದ್ದ ಶಕುಂತಲೆಗೆ ಮಾತ್ರ ಏನೂ ಕೇಳಿಸಿಲ್ಲ. ಸಖಿಯರು ಏಕೆ ಹೇಳಲಿಲ್ಲ? ನವಮಲ್ಲಿಗೆಗೆ ಯಾರಾದರೂ ಬಿಸಿನೀರು ಎರೆಯುತ್ತಾರೆಯೇ ಎಂಬ ಒಂದೇ ಮಾತು ಸಾಕಾಯಿತು. ಗುಟ್ಟು ಉಳಿಯಲು ಹೀಗೆ ನಂಬುವಂಥ ಕಾರಣ ಬೇಕು. ಇಲ್ಲವಾದರೆ ಓದುಗ “ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ” ಎಂದು ಪುಸ್ತಕ ಮುಚ್ಚುತ್ತಾನೆ.

ಕಥೆಗಾರ:
ಹಾಗಾದರೆ ನನ್ನ ಕಥೆಗೂ ಇದೇ ಪದ ಹೊಂದುತ್ತದೆ. ದಿನಾ ಕಾಗದ ತರುವ ಅಂಚೆಯವನೇ ಹುಡುಗಿಯ ತಂದೆ ಎಂದು ಕೊನೆಯ ಪುಟದಲ್ಲಿ ಬಯಲಾಗುತ್ತದೆ.

ರಂಗಕರ್ಮಿ:
ಇಲ್ಲ ಸ್ವಾಮಿ, ಅದು ತಿರುವು. ಓದುಗನಿಗೂ ಹುಡುಗಿಗೂ ಒಟ್ಟಿಗೇ ತಿಳಿಯಿತಲ್ಲ. ಅದೇ ಸಂಗತಿಯನ್ನು ಎರಡನೆಯ ಪುಟದಲ್ಲಿ ಓದುಗನಿಗೆ ಮಾತ್ರ ತೋರಿಸಿ: ಅಂಚೆಯವನು ಚೀಲದಿಂದ ಹಳೆಯ ಫೋಟೋ ತೆಗೆದು ಒಮ್ಮೆ ನೋಡಿ ಒಳಗಿಡಲಿ. ಆಮೇಲೆ ಹುಡುಗಿ “ನಮ್ಮಪ್ಪ ಸತ್ತುಹೋದ” ಎಂದು ಅವನೆದುರೇ ಹೇಳಿ, ಸಹಿ ಹಾಕಿ ಬಾಗಿಲು ಮುಚ್ಚಿಕೊಳ್ಳಲಿ. ಒಂದು ಪದವನ್ನೂ ಬದಲಿಸದೆ ಆ ಸಾಲಿನ ಭಾರ ಬದಲಾಗುತ್ತದೆ. ಅಲ್ಲಿ ಅಂಚೆಯವನ ಕಣ್ಣು ಒದ್ದೆಯಾಯಿತು ಎಂದು ಬರೆಯಲು ಹೋಗಬೇಡಿ. ಗೊತ್ತಿರುವುದನ್ನು ಮತ್ತೆ ನೆನಪಿಸಿದರೆ ಬಿಗಿ ಸಡಿಲವಾಗುತ್ತದೆ.

ಸಸ್ಪೆನ್ಸ್ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ‘ಮುಂದೇನು?’ ಎಂಬುದು ಕುತೂಹಲ. ‘ಇವಳಿಗೆ ತಿಳಿಯುವುದು ಯಾವಾಗ, ಅಷ್ಟರಲ್ಲಿ ಏನಾಗಿರುತ್ತದೋ’ ಎಂಬುದು ಕಾತರ. ನಿಮ್ಮ ಕೈಪಿಡಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಇಡಿ.

ಕರಡು ತಿದ್ದುವವರು:
ಶಾಕುಂತಲದಲ್ಲಿ ಎಲ್ಲವನ್ನೂ ಮೊದಲೇ ಹೇಳಿಲ್ಲವಲ್ಲ. ಉಂಗುರ ಕಳೆದದ್ದು ನಮಗೂ ಐದನೆಯ ಅಂಕದವರೆಗೆ ಗೊತ್ತಿಲ್ಲ.

ಸಂಸ್ಕೃತ ಮೇಷ್ಟ್ರು:
ಒಳ್ಳೆಯ ಮಾತು, ನಾನು ಅದನ್ನು ಬಿಟ್ಟಿದ್ದೆ. ಅಪಾಯ, ಪರಿಹಾರ ಎರಡೂ ನಮಗೆ ಗೊತ್ತು. ಆದ್ದರಿಂದ ರಾಜ ಅವಳನ್ನು ಅರಿಯೆ ಎಂದಾಗ ‘ಉಂಗುರ ತೋರಿಸಮ್ಮ’ ಎಂದು ಒಳಗೊಳಗೇ ಹೇಳಿಕೊಳ್ಳುತ್ತೇವೆ. ಅವಳು ಬೆರಳು ಮುಟ್ಟಿಕೊಳ್ಳುತ್ತಾಳೆ, ಬೆರಳು ಬರಿದು. ಶಚೀತೀರ್ಥದಲ್ಲಿ ಜಾರಿರಬೇಕು ಎಂದು ಗೌತಮಿ ಹೇಳುವುದು ಆಗಲೇ. ಗುಟ್ಟನ್ನು ಕೊಟ್ಟು, ಅದರ ಒಂದು ತುಂಡನ್ನು ಮಾತ್ರ ಕವಿ ತನ್ನಲ್ಲೇ ಇಟ್ಟುಕೊಂಡಿದ್ದ. ಶಾಪದ ದೃಶ್ಯವನ್ನು ತೆಗೆದುಹಾಕಿ ಈ ಅಂಕವನ್ನು ಓದಿ ನೋಡಿ: ರಾಜ ಖಳನಾಗುತ್ತಾನೆ, ನಮಗೆ ಸಿಟ್ಟು ಮಾತ್ರ ಉಳಿಯುತ್ತದೆ.

ಅನುವಾದಕಿ:
ಇದಕ್ಕೆ ಶಾಸ್ತ್ರದಲ್ಲಿ ‘ಪತಾಕಾಸ್ಥಾನಕ’ ಎನ್ನುತ್ತಾರಂತೆ. ಅದನ್ನೇ ಬಳಸಲೇ?

ಸಂಸ್ಕೃತ ಮೇಷ್ಟ್ರು:
ಬೇಡ. ಅದು ಹೆಚ್ಚಾಗಿ ಆಡಿದ ಮಾತು ಅಥವಾ ನಡೆದ ಘಟನೆ ಬೇರೊಂದನ್ನು ಸೂಚಿಸುವ ಸಂದರ್ಭ. ಉತ್ತರರಾಮಚರಿತದಲ್ಲಿ ರಾಮ ‘ವಿರಹವೊಂದೇ ಸಹಿಸಲಾಗದ್ದು’ ಎನ್ನುತ್ತಿದ್ದಂತೆ ಪ್ರತಿಹಾರಿ ಬಂದು ‘ಬಂದಿದ್ದಾನೆ’ ಎನ್ನುತ್ತಾಳೆ, ಬಂದವನು ಸೀತೆಯ ಬಗೆಗಿನ ಜನರ ಮಾತನ್ನು ತಂದ ಗೂಢಚಾರ ದುರ್ಮುಖ. ಇದನ್ನು ಅನೇಕರು ಪತಾಕಾಸ್ಥಾನಕ ಎನ್ನುತ್ತಾರೆ, ನಾಟ್ಯಲಕ್ಷಣ ಹೇಳುವ ದಶರೂಪಕದ ವ್ಯಾಖ್ಯಾನದಲ್ಲಿ ಇದು ‘ಗಂಡ’ ಎಂಬ ಬೇರೆಯೇ ಲಕ್ಷಣಕ್ಕೆ ಉದಾಹರಣೆ. ಪಂಡಿತರೇ ಎಡವುವ ಜಾಗಕ್ಕೆ ಕೈಪಿಡಿಯ ಓದುಗರನ್ನು ಏಕೆ ಕರೆದೊಯ್ಯುತ್ತೀರಿ?

ರಂಗಕರ್ಮಿ:
ತಾಲೀಮಿನಲ್ಲಿ ನಾವು ‘ಪ್ರೇಕ್ಷಕನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ’ ಎಂದೇ ಹೇಳುತ್ತೇವೆ. ಪದವೇ ಬೇಕೆಂದರೆ ‘ಅರಿವಿನ ಅಂತರ’.

ಕರಡು ತಿದ್ದುವವರು:
ಅದು ಶಿಕ್ಷಣ ಇಲಾಖೆಯ ಸುತ್ತೋಲೆಯಂತಿದೆ. ನನ್ನ ಮತ ‘ನಾಟಕೀಯ ವ್ಯಂಗ್ಯ’ಕ್ಕೇ, ಮೊದಲ ಸಲ ಬಂದಾಗ ಬೆರಳಿನ ದೃಶ್ಯ ಹೇಳಿಬಿಡಿ.

ಅನುವಾದಕಿ:
ಸದ್ಯಕ್ಕೆ ಹಾಗೇ ಮಾಡುತ್ತೇನೆ. ‘ಕಾತರ’ವನ್ನಂತೂ ತೆಗೆದುಕೊಂಡೆ. ಆದರೆ ‘ಕಾತರದ ಕಥೆ’ ಎಂದರೆ ಪ್ರೇಮಕಥೆಯಂತೆ ಕೇಳಿಸುವುದಿಲ್ಲವೇ?